ಕೇಳುವ ಹಣಕ್ಕೊಂದು ಲೆಕ್ಕ

ಏರ್‌ಬಿಎನ್‌ಬಿ ಇನ್ನೂ ‘ಏರ್‌ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಆಗಿದ್ದಾಗಿನ ಸ್ಲೈಡ್‌ಗಳು ಇವತ್ತಿಗೂ ಓದಲು ಸಿಗುತ್ತವೆ. ನೋಡಲು ತೀರಾ ಸಾದಾ. ಸಮಸ್ಯೆಯ ಸ್ಲೈಡ್‌ನಲ್ಲಿ ಮೂರೇ ಮಾತು: ಹೋಟೆಲ್ ದುಬಾರಿ, ಅಲ್ಲಿದ್ದರೆ ಊರಿನ ಪರಿಚಯವಾಗದು, ಸ್ಥಳೀಯರ ಮನೆಯಲ್ಲಿ ಉಳಿಯಲು ಸುಲಭದ ದಾರಿಯಿಲ್ಲ. ಪರಿಹಾರ, ಈ ಮೂರಕ್ಕೂ ನೇರ ಉತ್ತರ.

ಮಾರುಕಟ್ಟೆಯ ಸ್ಲೈಡ್‌ನಲ್ಲೇ ಹೆಚ್ಚಿನವರು ಎಡವುವುದು. ‘ಇಷ್ಟು ಕೋಟಿ ಜನರಲ್ಲಿ ಶೇ 1 ಸಿಕ್ಕರೂ ಸಾಕು’ ಎಂದರೆ ಹೂಡಿಕೆದಾರ ಒಳಗೊಳಗೇ ನಗುತ್ತಾನೆ; ಆ ಶೇ 1 ಬರುವುದು ಹೇಗೆಂದು ಅದು ಹೇಳುವುದಿಲ್ಲವಲ್ಲ! ಇವರು ಬೇರೆ ಸಾಕ್ಷಿ ಕೊಟ್ಟರು: ಅಪರಿಚಿತರ ಮನೆಯಲ್ಲಿ ತಂಗುವ ಕೌಚ್‌ಸರ್ಫಿಂಗ್ ತಾಣದಲ್ಲಿ ಆಗಲೇ ಲಕ್ಷಗಟ್ಟಲೆ ಸದಸ್ಯರಿದ್ದರು.

ಕೊನೆಯದು ಹಣದ ಸ್ಲೈಡ್. ಕೇಳಿದ್ದು 5 ಲಕ್ಷ ಡಾಲರ್. ಪಕ್ಕದಲ್ಲೇ ಗುರಿ: 12 ತಿಂಗಳು, 80 ಸಾವಿರ ಪ್ರವಾಸ. ಪ್ರವಾಸಕ್ಕೆ 25 ಡಾಲರ್ ಶುಲ್ಕವೆಂದರೆ 20 ಲಕ್ಷ ಡಾಲರ್ ಆದಾಯ. ತಪ್ಪಿದರೆ ಎಲ್ಲಿ ತಪ್ಪಿತೆಂದು ಯಾರು ಬೇಕಾದರೂ ಹಿಡಿಯಬಹುದಾದ ಗುಣಾಕಾರ.

ಇದಕ್ಕೂ ಮೊದಲು, 2008ರಲ್ಲಿ, ಅವರು 1.5 ಲಕ್ಷ ಡಾಲರ್‌ಗೆ ಶೇ 10 ಪಾಲು ಕೊಡಲು ಮುಂದಾಗಿದ್ದರು. ಪರಿಚಯವಾದ ಏಳು ಹೂಡಿಕೆದಾರರಲ್ಲಿ ಐವರು ಬೇಡವೆಂದರು, ಇಬ್ಬರು ಉತ್ತರವನ್ನೇ ಬರೆಯಲಿಲ್ಲ.