ಆತಂಕಕ್ಕೆ ಸೀಸೆಯ ಮೂಲಿಕೆ: ಬೇರಿನಲ್ಲಿರುವುದೆಷ್ಟು, ಲೇಬಲ್ಲಿನಲ್ಲಿರುವುದೆಷ್ಟು?

ಮೂಡಿಗೆರೆಯಿಂದ ಕೊಟ್ಟಿಗೆಹಾರವನ್ನು ಹಾದು ಕಳಸ, ಹೊರನಾಡುಗಳತ್ತ ಸಾಗುವ ದಾರಿಯಲ್ಲಿ ಜೇನು, ಏಲಕ್ಕಿ, ಕಾಳುಮೆಣಸು, ಕಾಫಿಪುಡಿಗಳನ್ನು ಮಾರುವ ಅಂಗಡಿಗಳು ಸಾಲುಸಾಲಾಗಿವೆ. ಇಂತಹ ಅಂಗಡಿಗಳ ಕಪಾಟುಗಳಲ್ಲಿ ಈಗ ಇನ್ನೊಂದು ಸರಕೂ ಸ್ಥಾನ ಪಡೆದಿದೆ. ಅದು ‘ಮನಶ್ಶಾಂತಿಗೆ’, ‘ನರಗಳ ಬಲಕ್ಕೆ’, ‘ಚಿಂತೆ ನಿವಾರಣೆಗೆ’ ಎಂದು ಮುದ್ರಿಸಿದ ಚೂರ್ಣ ಮತ್ತು ಗುಳಿಗೆಗಳ ಸೀಸೆ. ಔಷಧದಂಗಡಿಗಳಲ್ಲಿಯೂ ಮೊಬೈಲಿನ ಜಾಹೀರಾತುಗಳಲ್ಲಿಯೂ ಇವೇ ಕಾಣುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಮುಖ್ಯ ದ್ರವ್ಯ ಅಶ್ವಗಂಧ. ಆತಂಕಕ್ಕೆಂದು ನಮ್ಮಲ್ಲಿ ಮಾರಾಟವಾಗುವ ಮೂಲಿಕೆಗಳ ಪೈಕಿ ಒಂದಿಷ್ಟು ಪುರಾವೆ ಇರುವುದೂ ಅದಕ್ಕೇ. ಆದ್ದರಿಂದ ಈ ತಿಂಗಳು ನಾವು ಅದೊಂದನ್ನೇ ಕೈಗೆತ್ತಿಕೊಂಡು ಪರಿಶೀಲಿಸುತ್ತೇವೆ.

ಮೊದಲಿಗೆ ಸೀಸೆಯ ಮೇಲಿನ ಚಿತ್ರದ ಮಾತು. ಮಂಜು ಮುಸುಕಿದ ಹಸಿರು ಬೆಟ್ಟ, ಅದರ ಕೆಳಗೆ ‘ಮಲೆನಾಡಿನ ಶುದ್ಧ ಕಾಡುಮೂಲಿಕೆ’ ಎಂಬ ಬರಹವಿದ್ದರೆ ಅಲ್ಲಿಯೇ ಸಂಶಯಪಡಬೇಕು. ಹಿರೇಮದ್ದು ಎಂದು ನಮ್ಮ ಹಿರಿಯರು ಕರೆಯುವ ಅಶ್ವಗಂಧವು ಒಣಸೀಮೆಯ ಗಿಡ. ನೀರು ನಿಲ್ಲದ ಹಗುರ ಮಣ್ಣು, ಮಿತವಾದ ಮಳೆ, ಬೇರು ಬಲಿಯುವಾಗ ಒಣ ಹವೆ ಅದಕ್ಕೆ ಬೇಕು. ನಮ್ಮ ಜಿಲ್ಲೆಯಲ್ಲೇ ಕಡೂರಿನ ಬಯಲು ಅದಕ್ಕೆ ಒಗ್ಗೀತು. ಮಳೆಗಾಲವಿಡೀ ಜಡಿಮಳೆ ಸುರಿಯುವ ಕುದುರೆಮುಖದ ಮಗ್ಗುಲಲ್ಲಿ ಅದರ ಬೇರು ಕೊಳೆತುಹೋದೀತು. ದೇಶದ ಮಾರುಕಟ್ಟೆಗೆ ಬರುವ ಅಶ್ವಗಂಧದ ದೊಡ್ಡ ಪಾಲು ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆಯ ಹೊಲಗಳ ಬೆಳೆ. ಅಲ್ಲದೆ ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಅದರೊಳಗಿನಿಂದ ಗಿಡಮೂಲಿಕೆ ಕಿತ್ತು ವ್ಯಾಪಾರ ಮಾಡುವುದು ಕಾನೂನಿಗೆ ವಿರುದ್ಧ. ಹೀಗಾಗಿ ಆ ಚಿತ್ರ ನಿಜವಾದರೆ ಅಪರಾಧ, ಸುಳ್ಳಾದರೆ ಮೋಸ. ಬೇರು ನೀಮಚ್‌ನಿಂದ ಬಂದಿದೆ ಎಂಬುದರಿಂದ ಅದರ ಗುಣವೇನೂ ಕಡಿಮೆಯಾಗದು. ಆದರೆ ಬೆಟ್ಟವನ್ನು ತೋರಿಸಿ ಬೆಲೆ ಏರಿಸುವವರು ಒಳಗಿನ ಪ್ರಮಾಣದ ವಿಷಯದಲ್ಲಿ ಎಷ್ಟು ಪ್ರಾಮಾಣಿಕರಾಗಿದ್ದಾರು?

ಇನ್ನು ಪುರಾವೆಯ ವಿಚಾರ. ಅಶ್ವಗಂಧವು ಆತಂಕದ ರೋಗಿಗಳಿಗೆ ಉಪಯೋಗವಾಗುವುದೇ ಎಂದು ಪರೀಕ್ಷಿಸಿದ ಮೊದಮೊದಲ ಕಟ್ಟುನಿಟ್ಟಿನ ಪ್ರಯೋಗಗಳಲ್ಲಿ ಒಂದನ್ನು ನಡೆಸಿದವರು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು. ಡಾ. ಚಿತ್ತರಂಜನ್ ಆಂದ್ರಾದೆ ಮತ್ತು ಅವರ ಸಹೋದ್ಯೋಗಿಗಳ ಆ ವರದಿ 2000ನೆಯ ಇಸವಿಯಲ್ಲಿ ಪ್ರಕಟವಾಯಿತು. ಆತಂಕದ ಕಾಯಿಲೆ ಇದೆಯೆಂದು ವೈದ್ಯರೇ ಗುರುತಿಸಿದ 39 ಮಂದಿಯನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಅಶ್ವಗಂಧದ ಸಾರ, ಇನ್ನೊಂದಕ್ಕೆ ಔಷಧವೇ ಇಲ್ಲದ ಹುಸಿಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಎಷ್ಟು ಕಡಿಮೆಯಾದರೆ ‘ಗುಣ’ ಎಂದು ಎಣಿಸಬೇಕೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿದ್ದರು. ಆರು ವಾರ ಕಳೆದಾಗ ಅಶ್ವಗಂಧ ಸೇವಿಸಿದವರಲ್ಲಿ ನೂರಕ್ಕೆ 88 ಮಂದಿ ಆ ಗೆರೆಯನ್ನು ದಾಟಿದ್ದರು. ಹುಸಿಗುಳಿಗೆ ಸೇವಿಸಿದವರಲ್ಲಿ ನೂರಕ್ಕೆ 50 ಮಂದಿ.

ಜಾಹೀರಾತು ಬರೆಯುವವರು 88 ಎಂಬ ಅಂಕಿಯನ್ನು ನೋಡುತ್ತಾರೆ. ನಾವು ನೋಡಬೇಕಾದುದು 50 ಎಂಬ ಅಂಕಿಯನ್ನು. ಏನೂ ಇಲ್ಲದ ಗುಳಿಗೆಯನ್ನು ನುಂಗಿದವರಲ್ಲಿಯೂ ಅರ್ಧದಷ್ಟು ಜನ ಆರು ವಾರಗಳಲ್ಲಿ ಚೇತರಿಸಿಕೊಂಡರು. ಇದರಲ್ಲಿ ಪವಾಡವಿಲ್ಲ. ಆತಂಕವು ಏರುತ್ತ ಇಳಿಯುತ್ತ ಇರುವ ಸ್ಥಿತಿ. ಮನುಷ್ಯನು ಮದ್ದನ್ನು ಹುಡುಕಿ ಹೊರಡುವುದು ಅದು ಅತಿ ಏರಿದಾಗ. ಅಲ್ಲಿಂದ ಮುಂದೆ ಅದು ತಾನಾಗಿಯೇ ಒಂದಿಷ್ಟು ಇಳಿಯುತ್ತದೆ. ಅದರೊಂದಿಗೆ ಯಾರೋ ಕೂತು ಕಷ್ಟ ಕೇಳಿದರೆಂಬ ಸಮಾಧಾನ, ಮದ್ದು ಹಿಡಿದೀತೆಂಬ ಭರವಸೆ ಸೇರುತ್ತವೆ. ಈ ಕಾರಣದಿಂದಲೇ ‘ನಮ್ಮ ಪಕ್ಕದ ತೋಟದವರಿಗೆ ಇದರಿಂದ ಗುಣವಾಯಿತು’ ಎಂಬ ಮಾತು ಸತ್ಯವಾಗಿದ್ದರೂ ಆ ಸೀಸೆಯ ಪರವಾದ ಸಾಕ್ಷ್ಯವಾಗದು. ಹತ್ತು ಮಂದಿಗೆ ಬರಿಯ ಹಿಟ್ಟಿನ ಗುಳಿಗೆ ಕೊಟ್ಟರೂ ಹೀಗೆ ಹೇಳುವ ಐವರು ಸಿಗುತ್ತಾರೆ. ಉಳಿದ ಐವರನ್ನು ಜಾಹೀರಾತಿನವರು ಮಾತನಾಡಿಸುವುದಿಲ್ಲ.

ಹಾಗಾದರೆ 50ಕ್ಕೂ 88ಕ್ಕೂ ನಡುವಿನ ಅಂತರ ಅಶ್ವಗಂಧದ್ದೇ? ಇರಬಹುದು. ಆದರೆ 39 ಮಂದಿಯ ಪ್ರಯೋಗದಲ್ಲಿ ಇಬ್ಬರು ಮೂವರ ಫಲಿತಾಂಶ ಆಚೀಚೆಯಾದರೂ ಅಂಕಿಗಳು ಬಹಳ ಅಲುಗಾಡುತ್ತವೆ. ಮುಂದೆ 2012ರಲ್ಲಿ ಹೈದರಾಬಾದಿನ ವೈದ್ಯರು 64 ಮಂದಿಗೆ ಬೇರಿನ ಸಾರವನ್ನು ದಿನಕ್ಕೆ ಎರಡು ಬಾರಿ 300 ಮಿಲಿಗ್ರಾಂನಂತೆ 60 ದಿನ ಕೊಟ್ಟು ನೋಡಿದರು. ಸಾರ ಸೇವಿಸಿದವರ ಒತ್ತಡದ ಅಂಕ ಶೇಕಡಾ 44ರಷ್ಟು ಇಳಿಯಿತು. ಹುಸಿಗುಳಿಗೆಯವರದು ಶೇಕಡಾ 5.5 ಮಾತ್ರ. ಅನಂತರ ಬಂದ ಹಲವು ಪ್ರಯೋಗಗಳೂ ಇದೇ ದಿಕ್ಕಿನಲ್ಲಿವೆ. ಆದರೆ ಅವುಗಳಲ್ಲಿ ಬಹುಪಾಲು ಚಿಕ್ಕವು, ಎರಡು ಮೂರು ತಿಂಗಳಿನವು. ಭಾಗವಹಿಸಿದವರಲ್ಲಿಯೂ ಹೆಚ್ಚಿನವರು ದೈನಂದಿನ ಒತ್ತಡದಿಂದ ಬಳಲಿದವರೇ ಹೊರತು ಆತಂಕದ ಕಾಯಿಲೆಯ ರೋಗಿಗಳಲ್ಲ. ನಮ್ಮ ತೀರ್ಮಾನವಿಷ್ಟು: ಒತ್ತಡದ ದಿನಗಳಲ್ಲಿ ಅಶ್ವಗಂಧದಿಂದ ಅಲ್ಪಸ್ವಲ್ಪ ನೆರವು ದೊರೆಯುವ ಸಂಭವವಿದೆ. ಆತಂಕದ ಕಾಯಿಲೆಗೆ ಅದೇ ಚಿಕಿತ್ಸೆ ಎನ್ನುವಷ್ಟು ಪುರಾವೆಯಿಲ್ಲ.

ಈ ಅಲ್ಪ ನೆರವಾದರೂ ನಾವು ಕೊಳ್ಳುವ ಸೀಸೆಯಲ್ಲಿದೆಯೇ? ಲೆಕ್ಕ ಹಾಕಿ ನೋಡೋಣ. ಅಶ್ವಗಂಧದ ಮುಖ್ಯ ಸತ್ವಗಳಿಗೆ ವಿಥನೊಲೈಡ್‌ಗಳೆಂದು ಹೆಸರು. ಹೈದರಾಬಾದಿನ ಪ್ರಯೋಗದಂತೆ ದಿನಕ್ಕೆ 600 ಮಿಲಿಗ್ರಾಂ ಸಾರ, ಅದರಲ್ಲಿ ಶೇಕಡಾ 5 ಸತ್ವ ಎಂದರೆ ಒಟ್ಟು 30 ಮಿಲಿಗ್ರಾಂ ವಿಥನೊಲೈಡ್. ಈಗ ಅಂಗಡಿಯ ಒಂದು ಗುಳಿಗೆಯನ್ನು ಊಹಿಸಿಕೊಳ್ಳಿ. ತೂಕ 500 ಮಿಲಿಗ್ರಾಂ. ಒಳಗೆ ಅಶ್ವಗಂಧ, ಬ್ರಾಹ್ಮಿ, ಜಟಾಮಾಂಸಿ, ಶಂಖಪುಷ್ಪಿ ಮೊದಲಾದ ಹತ್ತು ದ್ರವ್ಯಗಳು. ಸಮಪಾಲು ಎಂದುಕೊಂಡರೆ ಅಶ್ವಗಂಧದ ಪಾಲು 50 ಮಿಲಿಗ್ರಾಂ. ಅದು ಸಾರವಲ್ಲ, ಬರಿಯ ಬೇರಿನ ಪುಡಿಯಾದರೆ ಸತ್ವವು ಸಾಮಾನ್ಯವಾಗಿ ಶೇಕಡಾ ಒಂದಕ್ಕೂ ಕಡಿಮೆ. ಎಂದರೆ ಒಂದು ಗುಳಿಗೆಯಲ್ಲಿ ಅರ್ಧ ಮಿಲಿಗ್ರಾಂ ಕೂಡ ಇಲ್ಲ. ಅಂಥ ಅರವತ್ತು ಗುಳಿಗೆ ನುಂಗಿದರೂ ಪ್ರಯೋಗದ ಒಂದು ದಿನದ ಪ್ರಮಾಣ ಮುಟ್ಟದು. ಆಯುರ್ವೇದದ ಅಧಿಕೃತ ಗ್ರಂಥವೇ ಬೇರಿನ ಚೂರ್ಣವನ್ನು ದಿನಕ್ಕೆ 3ರಿಂದ 6 ಗ್ರಾಂ ಎಂದು ವಿಧಿಸಿದೆ. ವೈದ್ಯರು ಚಮಚದ ಲೆಕ್ಕದಲ್ಲಿ ಕೊಡುತ್ತಿದ್ದುದನ್ನು ವ್ಯಾಪಾರಿಗಳು ಚಿಟಿಕೆಗೆ ಇಳಿಸಿದ್ದಾರೆ, ಬೆಲೆಯನ್ನಲ್ಲ.

ಲೇಬಲ್ಲಿನಲ್ಲಿ ನೋಡಬೇಕಾದುದು ಹೀಗೆ. ಬೇರೋ ಎಲೆಯೋ, ಪುಡಿಯೋ ಸಾರವೋ, ಸಾರವಾದರೆ ಶೇಕಡಾ ಎಷ್ಟು ಸತ್ವ, ಒಂದು ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ ಎಂಬುದು ಸ್ಪಷ್ಟವಾಗಿ ಇರಬೇಕು. ಎಲೆ ಸೇರಿದ್ದರೆ ಕೊಳ್ಳಬೇಡಿ. ಎಲೆಯನ್ನು ಬಳಸಬಾರದೆಂದು ಆಯುಷ್ ಸಚಿವಾಲಯವೇ ತಯಾರಕರಿಗೆ ತಿಳಿಸಿದೆ. 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇದ್ದರೆ ಅದು ಕಾನೂನಿನ ಕಣ್ಣಿನಲ್ಲಿ ಆಹಾರವೇ ಹೊರತು ಮದ್ದಲ್ಲ. ರೋಗ ಗುಣಪಡಿಸುತ್ತದೆಂದು ಹೇಳಿಕೊಳ್ಳಲು ಅದಕ್ಕೆ ಅಧಿಕಾರವಿಲ್ಲ.

ಜೊತೆಗಾರ ಮೂಲಿಕೆಗಳ ಬಗೆಗೆ ಎರಡೇ ಮಾತು. ಜಟಾಮಾಂಸಿಯು ಹಿಮಾಲಯದ ಅಳಿವಿನಂಚಿನ ಸಸ್ಯ. ಆತಂಕಕ್ಕೆ ಅದರಿಂದ ಪ್ರಯೋಜನವಿದೆಯೆಂದು ತೋರಿಸಿದ ದೊಡ್ಡ ಪ್ರಯೋಗವಿಲ್ಲ. ಬ್ರಾಹ್ಮಿ ಎಂಬ ಹೆಸರಿನಲ್ಲಂತೂ ಎರಡು ಗಿಡಗಳಿವೆ: ನೀರುಬ್ರಾಹ್ಮಿ ಒಂದು, ನಮ್ಮ ಗದ್ದೆಯ ಬದುವಿನ ಒಂದೆಲಗ ಇನ್ನೊಂದು. ಸೀಸೆಯಲ್ಲಿ ಯಾವುದಿದೆಯೆಂದು ಬರೆಯದಿದ್ದರೆ ಅದರ ಗುಣವನ್ನು ಚರ್ಚಿಸುವುದೇ ವ್ಯರ್ಥ. ಒಂದೆಲಗದ ತಂಬುಳಿಯನ್ನು ಊಟಕ್ಕೆಂದು ಉಣ್ಣಿರಿ, ರುಚಿಯಾಗಿರುತ್ತದೆ, ಚಿಕಿತ್ಸೆಯೆಂದು ಎಣಿಸಬೇಡಿ.

‘ಉಪಕಾರವಾಗದಿದ್ದರೂ ಅಪಕಾರವಿಲ್ಲವಲ್ಲ’ ಎನ್ನುವವರಿದ್ದಾರೆ. ಅಪಕಾರವಿದೆ. ರಾತ್ರಿ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಬೆವರುತ್ತದೆ, ತೂಕ ಇಳಿಯುತ್ತಿದೆ ಎನ್ನುವ ಒಬ್ಬ ತಾಯಿಯನ್ನು ಭಾವಿಸಿಕೊಳ್ಳಿ. ಕಾಫಿ ಕೊಯ್ಲು, ಮಗಳ ಮದುವೆ, ಬ್ಯಾಂಕಿನ ಸಾಲ ಇವೆಲ್ಲ ಇರುವಾಗ ಮನೆಯವರು ಚಿಂತೆಯೆಂದೇ ತಿಳಿಯುತ್ತಾರೆ. ಆದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ದುಡಿಯುವಾಗಲೂ ಇವೇ ಲಕ್ಷಣಗಳು. ಅಶ್ವಗಂಧವು ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ಆಕೆಗೆ ಅದನ್ನು ಕೊಟ್ಟರೆ ಉರಿಯುವ ಒಲೆಗೆ ಇನ್ನೊಂದು ಕೊಳ್ಳಿ ಇಟ್ಟಂತೆ. ಒಂದು ಸಾಮಾನ್ಯ ರಕ್ತಪರೀಕ್ಷೆಯಿಂದ ಇದು ತಿಳಿಯುತ್ತದೆ. ಸೀಸೆಗೆ ಕೊಡುವ ಹಣದಲ್ಲಿ ಮೊದಲು ಅದನ್ನು ಮಾಡಿಸುವುದು ಲೇಸು.

ಯಕೃತ್ತಿಗೂ ಅಪರೂಪವಾಗಿ ತೊಂದರೆಯಾಗುತ್ತದೆ. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದ ವೈದ್ಯರು ಅಶ್ವಗಂಧ ಸೇವಿಸಿ ಕಾಮಾಲೆಯಾದ ಐವರ ವಿವರ ಪ್ರಕಟಿಸಿದರು. ಆ ಐವರೂ ತಿಂಗಳುಗಳಲ್ಲಿ ಚೇತರಿಸಿಕೊಂಡರು. 2023ರಲ್ಲಿ ನಮ್ಮ ದೇಶದ ವೈದ್ಯರು ಪ್ರಕಟಿಸಿದ ವರದಿಯಲ್ಲಿ ಮೊದಲೇ ಯಕೃತ್ತಿನ ಕಾಯಿಲೆಯಿದ್ದ ಕೆಲವರು ಮೃತಪಟ್ಟಿದ್ದಾರೆ. ಸೇವಿಸುವಾಗ ಮೈಯೆಲ್ಲ ತುರಿಕೆ, ಗಾಢ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ಆ ದಿನವೇ ನಿಲ್ಲಿಸಿ, ಸೀಸೆಯನ್ನು ಕೈಯಲ್ಲಿ ಹಿಡಿದೇ ವೈದ್ಯರಲ್ಲಿಗೆ ಹೋಗಬೇಕು. ಗರ್ಭಿಣಿಯರು, ಥೈರಾಯ್ಡ್ ಅಥವಾ ನಿದ್ರೆಯ ಮಾತ್ರೆ ಸೇವಿಸುವವರು ಇದರ ಗೊಡವೆಗೇ ಹೋಗಬಾರದು.

ಹೆಸರಿಲ್ಲದ ಪೊಟ್ಟಣದ ಪುಡಿಯ ವಿಷಯದಲ್ಲಿ ಒಂದು ಸುಲಭ ಗುರುತಿದೆ. ಅಶ್ವಗಂಧದ ಪರಿಣಾಮ ಏನಿದ್ದರೂ ವಾರಗಳಲ್ಲಿ ಕಾಣುವಂಥದು. ತಿಂದ ಅರ್ಧ ಗಂಟೆಯಲ್ಲಿ ಮಂಪರು ಕವಿದರೆ, ಬಿಟ್ಟ ಮರುದಿನವೇ ನಡುಕ ಮತ್ತು ನಿದ್ರೆಗೇಡು ಬಂದರೆ, ಆ ಪುಡಿಯಲ್ಲಿ ನಿದ್ರೆಯ ಮಾತ್ರೆ ಅರೆದು ಬೆರೆಸಿರಬಹುದೆಂದು ಶಂಕಿಸಬೇಕು. ಅಂಥದನ್ನು ಹಲವು ತಿಂಗಳು ತಿಂದವರು ತಾವಾಗಿ ಒಮ್ಮೆಲೇ ಬಿಡುವುದೂ ಅಪಾಯ. ವೈದ್ಯರ ಮುಂದೆ ಪುಡಿಯನ್ನಿಟ್ಟು ಹಂತಹಂತವಾಗಿ ಬಿಡಬೇಕು.

ಕಾಫಿಯ ನಾಡಿನಲ್ಲಿ ಕುಳಿತು ಹೇಳಲು ಸಂಕೋಚವಾದರೂ ಇದನ್ನು ಹೇಳಲೇಬೇಕು: ಕೆಫೀನು ಆತಂಕವನ್ನು ಹೆಚ್ಚಿಸುತ್ತದೆ, ಇದಕ್ಕೆ ಪುರಾವೆ ಗಟ್ಟಿಯಾಗಿದೆ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಅದು ಸುಮಾರು ಇಮ್ಮಡಿ. ದಿನಕ್ಕೆ ಐದಾರು ಲೋಟ ಕುಡಿಯುತ್ತ ಚಿಂತೆಯ ಗುಳಿಗೆ ನುಂಗುವವರು ಮೊದಲು ಲೋಟಗಳನ್ನು ಇಳಿಸಿ ನೋಡಲಿ; ಎರಡು ಮೂರು ದಿನಕ್ಕೊಂದರಂತೆ ಇಳಿಸಿದರೆ ತಲೆನೋವು ಬರುವ ಸಂಭವ ಕಡಿಮೆ. ಮಧ್ಯಾಹ್ನದ ಮೇಲಿನದನ್ನು ಮೊದಲು ಬಿಡಬೇಕು.

ಇಷ್ಟರ ಮೇಲೂ ಆತಂಕವು ಕೆಲಸ, ಊಟ, ನಿದ್ರೆಗಳನ್ನು ಕೆಡಿಸುತ್ತಿದ್ದರೆ ಅದು ಕಾಯಿಲೆ. ಮಾತಿನ ಚಿಕಿತ್ಸೆಗೂ ವೈದ್ಯರು ಕೊಡುವ ಮಾತ್ರೆಗಳಿಗೂ ಯಾವ ಮೂಲಿಕೆಗಿಂತಲೂ ಹೆಚ್ಚಿನ ಪುರಾವೆಯಿದೆ. ಘಟ್ಟದ ಮಳೆಯಲ್ಲಿ ಆಸ್ಪತ್ರೆಗೆ ಇಳಿಯಲಾಗದವರು 14416 ಸಂಖ್ಯೆಗೆ ಕರೆ ಮಾಡಬಹುದು. ಇದು ಸರ್ಕಾರದ ಟೆಲಿ-ಮಾನಸ್ ಸೇವೆ. ಹಗಲಿರುಳೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಮನೆಯಲ್ಲಿ ಸೇವಿಸುತ್ತಿರುವ ಚೂರ್ಣ, ಗುಳಿಗೆಗಳ ಹೆಸರನ್ನು ಅವರಿಗೂ ತಪ್ಪದೆ ತಿಳಿಸಿರಿ.