ಬ್ಯಾಂಕಿಗೆ ಒಂದು ಪತ್ರ

ಮನೆ ಕಟ್ಟಲು ಪಡೆದ ಸಾಲದ ಒಂದು ಭಾಗವನ್ನು ಅವಧಿಗೆ ಮುನ್ನವೇ ತೀರಿಸಿದರೆ ಬಡ್ಡಿ ಉಳಿಯುತ್ತದೆ. ಆದರೆ ಎಷ್ಟು ಉಳಿಯುತ್ತದೆ ಎಂಬುದು ಕಟ್ಟುವ ಹಣವನ್ನು ಮಾತ್ರ ಅವಲಂಬಿಸಿಲ್ಲ. ಹಣದೊಡನೆ ಕೊಡುವ ಪತ್ರದ ಒಂದು ವಾಕ್ಯವನ್ನೂ ಅವಲಂಬಿಸಿದೆ.

ಬೀದರ್ ನಗರದ ಸಮೀಪದಲ್ಲಿರುವ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಒಬ್ಬ ಕಾರ್ಮಿಕನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಆತ ತನ್ನ ನಲವತ್ತೈದನೆಯ ವಯಸ್ಸಿನಲ್ಲಿ ಶೇಕಡ 9ರ ಬಡ್ಡಿಯಂತೆ 10 ಲಕ್ಷ ರೂಪಾಯಿ ಸಾಲ ಪಡೆದನು. ಅವಧಿ 20 ವರ್ಷ; ತಿಂಗಳ ಕಂತು 8,997 ರೂಪಾಯಿ. ಐದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೆ ಲೆಕ್ಕ ನೋಡಿದರೆ, ಕೊಟ್ಟದ್ದು ಸುಮಾರು 5 ಲಕ್ಷ 40 ಸಾವಿರ. ಅಸಲಿನಲ್ಲಿ ತೀರಿದ್ದು 1 ಲಕ್ಷ 13 ಸಾವಿರ ಮಾತ್ರ. ಇನ್ನೂ 8,87,070 ರೂಪಾಯಿ ಬಾಕಿ!

ಇದರಲ್ಲಿ ಮೋಸವೇನೂ ಇಲ್ಲ. ಪ್ರತಿ ತಿಂಗಳೂ ಉಳಿದ ಅಸಲಿಗೆ ಬಡ್ಡಿಯನ್ನು ಮೊದಲು ಮುರಿದುಕೊಂಡು, ಮಿಕ್ಕದ್ದನ್ನು ಅಸಲಿಗೆ ಜಮೆ ಮಾಡುವುದು ಇಂಥ ಸಾಲದ ಕ್ರಮ. ಮೊದಲ ಕಂತಿನಲ್ಲಿ 7,500 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಸಂದದ್ದು 1,497 ರೂಪಾಯಿ. ಆದುದರಿಂದಲೇ ಅಸಲಿಗೆ ನೇರವಾಗಿ ಕಟ್ಟಿದ ಹಣ ಮುಂದಿನ ಎಲ್ಲ ತಿಂಗಳುಗಳ ಬಡ್ಡಿಯನ್ನೂ ತಗ್ಗಿಸುತ್ತದೆ.

ಐವತ್ತು ವರ್ಷ ತುಂಬಿದ ಈ ಕಾರ್ಮಿಕನಿಗೆ ಔರಾದ್ ಕಡೆಯ ಪಿತ್ರಾರ್ಜಿತ ಹೊಲದ ಪಾಲಿನಿಂದ 2 ಲಕ್ಷ ರೂಪಾಯಿ ಕೈಗೆ ಬಂದಿತು. ಅದನ್ನು ಸಾಲಕ್ಕೆ ಕಟ್ಟಿದರೆ ಬಾಕಿ 6,87,070 ರೂಪಾಯಿಗೆ ಇಳಿಯುತ್ತದೆ. ಇಲ್ಲಿಂದ ಮುಂದೆ ಎರಡು ದಾರಿಗಳಿವೆ. ಅವಧಿಯನ್ನು 15 ವರ್ಷಕ್ಕೇ ಇರಿಸಿಕೊಂಡರೆ ಕಂತು 6,969 ರೂಪಾಯಿಗೆ ಇಳಿಯುತ್ತದೆ. ಮುಂದೆ ಕೊಡಬೇಕಾದ ಬಡ್ಡಿಯಲ್ಲಿ ಸುಮಾರು 1 ಲಕ್ಷ 65 ಸಾವಿರ ಉಳಿಯುತ್ತದೆ. ಕಂತನ್ನು 8,997 ರೂಪಾಯಿಯಲ್ಲೇ ಉಳಿಸಿಕೊಂಡರೆ 180 ಕಂತುಗಳ ಬದಲು 114 ಕಂತುಗಳಿಗೇ ಸಾಲ ತೀರುತ್ತದೆ. ಬಡ್ಡಿಯಲ್ಲಿ ಉಳಿಯುವುದು ಸುಮಾರು 3 ಲಕ್ಷ 95 ಸಾವಿರ. ಬಡ್ಡಿಯ ದರ ಬದಲಾಗದಿದ್ದರೆ ಮಾತ್ರ ಈ ಲೆಕ್ಕ ಹೀಗೆಯೇ ನಿಲ್ಲುತ್ತದೆ.

ಅರವತ್ತಕ್ಕೆ ನಿವೃತ್ತನಾಗುವವನಿಗೆ ಈ ಆಯ್ಕೆ ಸಣ್ಣದಲ್ಲ. ಮೊದಲ ದಾರಿಯಲ್ಲಿ ಸಾಲ ತೀರುವಾಗ ಅವನಿಗೆ ಅರವತ್ತೈದು. ಸಂಬಳ ನಿಂತ ಮೇಲೂ ಐದು ವರ್ಷ ಕಂತು ಕಟ್ಟಬೇಕು. ಎರಡನೆಯ ದಾರಿಯಲ್ಲಿ ನಿವೃತ್ತಿಗೆ ಆರು ತಿಂಗಳು ಮುಂಚೆಯೇ ಮನೆ ಋಣಮುಕ್ತವಾಗುತ್ತದೆ. ಆದರೆ ಈಗಲೇ ಮಕ್ಕಳ ಓದಿಗೆ ಹಣ ಸಾಲದ ಸಂಸಾರಕ್ಕೆ ತಿಂಗಳಿಗೆ ಎರಡು ಸಾವಿರದ ಬಿಡುವೇ ಹೆಚ್ಚು ಬೆಲೆಯದಾಗಬಹುದು. ಆಯ್ಕೆ ಸಾಲಗಾರನದು, ಅದನ್ನು ಆತ ಬರೆದು ತಿಳಿಸಬೇಕು. ನಮ್ಮ ಕಾರ್ಮಿಕನ ಪತ್ರ ಹೀಗಿರಬಹುದು:

"ಶಾಖಾ ವ್ಯವಸ್ಥಾಪಕರಿಗೆ,
ಮಾನ್ಯರೆ,
ವಿಷಯ: ಗೃಹಸಾಲದ ಭಾಗಶಃ ಮುಂಗಡ ಮರುಪಾವತಿ ಮತ್ತು ಪರಿಷ್ಕೃತ ಮರುಪಾವತಿ ಪಟ್ಟಿ.
ಮೇಲೆ ನಮೂದಿಸಿದ ಸಂಖ್ಯೆಯ ನನ್ನ ಸಾಲದ 60 ಕಂತುಗಳನ್ನು ಪೂರ್ಣವಾಗಿ ಪಾವತಿಸಿದ್ದೇನೆ. ಇದರೊಡನೆ ಲಗತ್ತಿಸಿರುವ 2,00,000 ರೂಪಾಯಿಗಳ ಚೆಕ್ಕಿನ ಮೊತ್ತವನ್ನು ಅಸಲಿಗೇ ಜಮೆ ಮಾಡಬೇಕೆಂದೂ, ಮುಂದಿನ ಕಂತುಗಳ ಮುಂಗಡವೆಂದು ಪರಿಗಣಿಸಬಾರದೆಂದೂ ಕೋರುತ್ತೇನೆ. ಮಾಸಿಕ ಕಂತನ್ನು ಈಗಿನಂತೆಯೇ ಇರಿಸಿ, ಅವಧಿಯನ್ನು ಕಡಿಮೆ ಮಾಡಿ, ಪರಿಷ್ಕೃತ ಮರುಪಾವತಿ ಪಟ್ಟಿಯನ್ನು ದಯವಿಟ್ಟು ಒದಗಿಸಿರಿ.
ತಮ್ಮ ವಿಶ್ವಾಸಿ"

ಪತ್ರವನ್ನು ಎರಡು ಪ್ರತಿಗಳಲ್ಲಿ ಬರೆದು, ಒಂದರ ಮೇಲೆ ಬ್ಯಾಂಕಿನ ಮೊಹರು, ದಿನಾಂಕ ಮತ್ತು ಸಹಿ ಪಡೆದು ಇಟ್ಟುಕೊಳ್ಳಬೇಕು. ಕಂತು ಬಾಕಿಯಿದ್ದರೆ ಕಟ್ಟಿದ ಹಣ ಮೊದಲು ಅದಕ್ಕೇ ಸಲ್ಲುವುದರಿಂದ, ಬಾಕಿಯನ್ನು ಮುಂಚೆಯೇ ತೀರಿಸಿರಬೇಕು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸುವವರಿಂದ ಬ್ಯಾಂಕುಗಳು ದಂಡ ವಸೂಲು ಮಾಡಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕು 2012ರ ಜೂನ್ ತಿಂಗಳಿನಲ್ಲಿ ಆದೇಶಿಸಿತು. ಸ್ಥಿರ ಬಡ್ಡಿದರದ ಸಾಲವಾದರೆ ಶುಲ್ಕವಿರಬಹುದು. ಕರಾರುಪತ್ರವನ್ನು ಓದಿ ನೋಡಬೇಕು.

ಹಣ ಎಲ್ಲಿಗೆ ಸಂದಿತೆಂಬುದನ್ನು ಮುಂದಿನ ತಿಂಗಳ ಲೆಕ್ಕವೇ ಹೇಳುತ್ತದೆ. ಕಂತು ಸಂದ ಮರುದಿನವೇ ಹಣ ಅಸಲಿಗೆ ಜಮೆಯಾಗಿದ್ದರೆ, ಮುಂದಿನ ತಿಂಗಳ ಬಡ್ಡಿ 6,653 ರೂಪಾಯಿಯಿಂದ ಸುಮಾರು 5,150ಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಹಣ ಮುಂಗಡ ಕಂತಾಗಿ ನಿಂತಿದೆ ಎಂದು ಶಂಕಿಸಬೇಕು. ಬಡ್ಡಿ ಇಳಿದೂ ಹೊಸ ಪಟ್ಟಿಯಲ್ಲಿ 180 ಕಂತುಗಳೇ ಉಳಿದಿದ್ದರೆ, ಬ್ಯಾಂಕು ಅವಧಿಯ ಬದಲು ಕಂತನ್ನು ತಗ್ಗಿಸಿದೆ ಎಂದರ್ಥ. ಆಗ ಮೊಹರು ಬಿದ್ದ ಪ್ರತಿಯನ್ನು ತೋರಿಸಿ ತಿದ್ದುಪಡಿ ಕೇಳಲು ಸಾಧ್ಯ. ಬಾಯಿಮಾತಿನಲ್ಲಿ ಹೇಳಿ ಹಣ ಕಟ್ಟಿ ಬಂದವನ ಕೈಯಲ್ಲಿ ಅಂಥ ಆಧಾರ ಇರುವುದಿಲ್ಲ.