ಹಂತವಾರು ನೀರಿನ ದರ: ಹೆಚ್ಚುವರಿ ಬಳಕೆಗೆ ಮಾತ್ರವೇ, ಇಡೀ ಬಳಕೆಗೆ?

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳು ಮೀಟರ್ ಅಳವಡಿಸಿದ ನಲ್ಲಿಗಳಿಗೆ ಹಂತವಾರು ದರ ನಿಗದಿಪಡಿಸುವಾಗ ಠರಾವಿನ ಒಂದು ಸಾಲನ್ನು ಸ್ಪಷ್ಟಪಡಿಸಿಕೊಳ್ಳಬೇಕಾಗುತ್ತದೆ. ಮೇಲಿನ ಹಂತದ ದರವು ಮಿತಿ ಮೀರಿದ ಪ್ರಮಾಣಕ್ಕೆ ಮಾತ್ರ ಅನ್ವಯಿಸುವುದೇ ಅಥವಾ ತಿಂಗಳ ಇಡೀ ಬಳಕೆಗೆ ಅನ್ವಯಿಸುವುದೇ?

ಈ ವ್ಯತ್ಯಾಸವನ್ನು ಮೆಸ್ಕಾಂ ಗ್ರಾಹಕರು ವಿದ್ಯುತ್ ಬಿಲ್ಲಿನಲ್ಲಿಯೇ ಕಂಡಿದ್ದಾರೆ. 2023ರ ಮೇ ತಿಂಗಳ ದರ ಆದೇಶದಂತೆ ಗೃಹ ಬಳಕೆಗೆ 100 ಯೂನಿಟ್‌ವರೆಗೆ ಯೂನಿಟ್‌ಗೆ ರೂ. 4.75 ಇದ್ದು, ಬಳಕೆ 100 ದಾಟಿದರೆ ಎಲ್ಲ ಯೂನಿಟ್‌ಗಳಿಗೂ ರೂ. 7 ಆಗುತ್ತಿತ್ತು. ನಿಗದಿತ ಶುಲ್ಕವನ್ನು ಬಿಟ್ಟು, 100 ಯೂನಿಟ್‌ಗೆ ರೂ. 475, 101 ಯೂನಿಟ್‌ಗೆ ರೂ. 707. ಒಂದೇ ಯೂನಿಟ್‌ಗೆ ರೂ. 232 ಹೆಚ್ಚಳ! ಹೆಚ್ಚುವರಿ ಯೂನಿಟ್‌ಗೆ ಮಾತ್ರ ಮೇಲಿನ ದರ ಅನ್ವಯಿಸಿದ್ದರೆ ಬಿಲ್ಲು ರೂ. 482 ಆಗುತ್ತಿತ್ತು. 2024ರ ಏಪ್ರಿಲ್‌ನಿಂದ ಈ ಹಂತಗಳನ್ನು ಕೈಬಿಟ್ಟು ರೂ. 5.90ರ ಏಕದರ ಜಾರಿಗೆ ಬಂದಿತು.

ಹೆಚ್ಚು ಬಳಸುವವರಿಗೆ ರಿಯಾಯಿತಿ ಕೊಟ್ಟಾಗಲೂ ಇದೇ ತೊಡಕು ತಿರುಗುಮುರುಗಾಗಿ ಕಾಣಿಸುತ್ತದೆ. ಉದಾಹರಣೆಗೆ, ಹೋಂಸ್ಟೇಗಳಿಗೆ 20 ಸಾವಿರ ಲೀಟರ್‌ವರೆಗೆ ಸಾವಿರಕ್ಕೆ ರೂ. 10, ಅದನ್ನು ಮೀರಿದರೆ ಎಲ್ಲಕ್ಕೂ ರೂ. 8 ಎಂದು ನಿಗದಿಪಡಿಸಿದರೆಂದು ಭಾವಿಸೋಣ. 20 ಸಾವಿರ ಲೀಟರ್‌ಗೆ ರೂ. 200, 21 ಸಾವಿರಕ್ಕೆ ರೂ. 168. ತಿಂಗಳ ಕೊನೆಗೆ ನಲ್ಲಿಯನ್ನು ತೆರೆದಿಟ್ಟವನಿಗೇ ಲಾಭ. ನೀರಿನ ಮೂಲಗಳು ಬತ್ತುವ ಮಾರ್ಚ್‌ನಿಂದ ಮೇ ಅವಧಿಯಲ್ಲಂತೂ ಇಂತಹ ರಿಯಾಯಿತಿಗೆ ಸಮರ್ಥನೆ ದೊರೆಯದು.

ಮನೆಯಲ್ಲಿ ತೆರೆದ ಬಾವಿಯುಳ್ಳ ಕುಟುಂಬ ನಲ್ಲಿ ನೀರನ್ನು ಅಲ್ಪವಾಗಿಯೇ ಬಳಸುತ್ತದೆ. ಆದರೆ ನೀರುಗಂಟಿಯ ವೇತನ, ದೂರದ ಒಂಟಿಮನೆಯವರೆಗಿನ ಪೈಪಿನ ದುರಸ್ತಿ ಇವು ಬಳಕೆಯೊಂದಿಗೆ ಇಳಿಯುವುದಿಲ್ಲ. ಇವುಗಳಿಗೆ ಮಾಸಿಕ ಸ್ಥಿರ ಶುಲ್ಕ, ಪಂಪಿನ ವಿದ್ಯುತ್ತು ಹಾಗೂ ಕ್ಲೋರಿನ್ ವೆಚ್ಚಕ್ಕೆ ಲೀಟರ್ ದರ ಎಂದು ವಿಂಗಡಿಸುವುದು ಸೂಕ್ತ. ಸ್ಥಿರ ಶುಲ್ಕ ಅತಿಯಾದರೆ ಬಾವಿಯವರು ಸಂಪರ್ಕವನ್ನೇ ಬಿಡುತ್ತಾರೆ. ಉಳಿದವರ ಹೊರೆ ಏರುತ್ತದೆ.

ಮೊದಲ ಹಂತದ ಮಿತಿಗೆ ಜಲ ಜೀವನ್ ಮಿಷನ್‌ನ ತಲಾ 55 ಲೀಟರ್ ಮಾನದಂಡ ಆಧಾರವಾಗಬಲ್ಲದು. ಐವರ ಮನೆಗೆ 30 ದಿನಕ್ಕೆ 8,250 ಲೀಟರ್. ಆದರೆ ಹತ್ತು ಜನರ ಅವಿಭಕ್ತ ಕುಟುಂಬಕ್ಕೆ 16,500 ಲೀಟರ್ ಬೇಕು. ಮಿತಿಯನ್ನು ನಲ್ಲಿಗೊಂದರಂತೆ ಇಟ್ಟರೆ ಕುಡಿಯುವ ನೀರಿಗೇ ಆ ಮನೆ ಅಧಿಕ ದರ ತೆರಬೇಕಾದೀತು. ಸದಸ್ಯರ ಸಂಖ್ಯೆಗನುಗುಣವಾಗಿ ಮಿತಿಯನ್ನು ಹೊಂದಿಸಿದರೆ ಈ ಅನ್ಯಾಯ ತಪ್ಪುತ್ತದೆ.

ಮೀಟರ್ ವಹಿಯಲ್ಲಿ ಹೆಚ್ಚಿನ ಮನೆಗಳ ಬಳಕೆ ಮಿತಿಗಿಂತ ಸ್ವಲ್ಪವೇ ಕೆಳಗೆ ಗುಂಪುಗೂಡಿದ್ದರೆ, ಅಥವಾ ಒಂದೇ ಸೂರಿಗೆ ಎರಡನೆಯ ನಲ್ಲಿಯ ಅರ್ಜಿಗಳು ಏಕಾಏಕಿ ಬರತೊಡಗಿದರೆ, ಮೊದಲು ಠರಾವಿನ ಆ ಸಾಲನ್ನು ಮರುಪರಿಶೀಲಿಸಬೇಕು.